ಅರಿಶಿನ ಕೆಂಪಾದರೆ ಆ ಸೋಪು ಸ್ವೆಟರಿಗೆ ಬೇಡ

(ಬೆಳಗಾವಿಯ ಟಿಳಕವಾಡಿಯಲ್ಲಿ ಮಹಿಳಾ ಮಂಡಳದ ಸದಸ್ಯೆಯರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲ ಅಕ್ಕಂದಿರಿಗೂ ತಾಯಂದಿರಿಗೂ ನಮಸ್ಕಾರ. ಬಟ್ಟೆ ಒಗೆದು ಕಲೆ ತೆಗೆದುಕೊಡುವ ಅಂಗಡಿ ನನ್ನದು. ಮಳೆ ನಿಂತು ಚಳಿ ಶುರುವಾಯಿತೆಂದರೆ ನಮ್ಮಲ್ಲಿಗೆ ಬರುವ ಸ್ವೆಟರುಗಳ ಜೊತೆಗೇ ಒಂದು ಪ್ರಶ್ನೆಯೂ ಬರುತ್ತದೆ. "ಅಣ್ಣಾರ, ಬಿಸಿನೀರಾಗ ಹಾಕಿಲ್ರಿ, ತಣ್ಣೀರಾಗನ ಒಗದೀನಿ. ಆದ್ರೂ ಗಿಡ್ಡ ಆತಲ್ರಿ, ಯಾಕ?" ಈ ಪ್ರಶ್ನೆ ಕೇಳಿದವರು ಹೇಳುವುದು ನಿಜವೇ. ತಣ್ಣೀರಿನಲ್ಲೂ ಉಣ್ಣೆ ಕುಗ್ಗುತ್ತದೆ. ಅದು ಹೇಗೆಂದು ಗೊತ್ತಾದರೆ ಕಲೆ ತೆಗೆಯುವ ದಾರಿಯೂ ಗೊತ್ತಾಗುತ್ತದೆ. ಹಾಗಾಗಿ ಇವತ್ತು ಒಂದೇ ಒಂದು ಸ್ವೆಟರ್ ಹಿಡಿದುಕೊಂಡು ಬಂದಿದ್ದೇನೆ. ಕೈಯಲ್ಲಿ ಹೆಣೆದ, ಕೆನೆ ಬಣ್ಣದ, ಅಪ್ಪಟ ಉಣ್ಣೆಯ ಸ್ವೆಟರ್. ಇದರ ಬಲಗೈ ತೋಳಿನ ಮೇಲೆ ಮದುವೆ ಊಟದಲ್ಲಿ ಬದನೆಕಾಯಿ ಎಣ್ಣೆಗಾಯಿ ಬಿದ್ದಿತ್ತು. ಎಣ್ಣೆ, ಖಾರ, ಅರಿಶಿನ ಮೂರೂ ಕೂಡಿದ ಕಲೆ. ನಮ್ಮ ಕಡೆ ಇದಕ್ಕಿಂತ ಹಟಮಾರಿ ಕಲೆ ಇನ್ನೊಂದಿಲ್ಲ.

ಮೊದಲು ಉಣ್ಣೆಯ ಎಳೆಯ ಬಗ್ಗೆ ಎರಡು ಮಾತು. ನಮ್ಮ ತಲೆಗೂದಲು, ಉಗುರು ಯಾವ ಪದಾರ್ಥದಿಂದ ಆಗಿವೆಯೋ ಉಣ್ಣೆಯೂ ಅದರಿಂದಲೇ ಆಗಿದೆ, ಕೆರಾಟಿನ್ ಎಂಬ ಪ್ರೋಟೀನಿನಿಂದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಯ ಮೈತುಂಬ ಒಂದರ ಮೇಲೊಂದು ಹೊದ್ದುಕೊಂಡ ಪೊರೆಗಳು ಕಾಣುತ್ತವೆ, ಎಲ್ಲವುಗಳ ಅಂಚೂ ಎಳೆಯ ತುದಿಯ ಕಡೆಗೇ ಮುಖ ಮಾಡಿರುತ್ತದೆ. ಸಣ್ಣವರಿದ್ದಾಗ ಗೋಧಿ ತೆನೆಯನ್ನು ಅಂಗಿಯ ತೋಳಿನೊಳಗೆ ಇಟ್ಟುಕೊಂಡು ಆಟ ಆಡಿದವರು ಇಲ್ಲಿ ಇದ್ದೀರಿ. ಕೈ ಅಲ್ಲಾಡಿಸಿದಷ್ಟೂ ತೆನೆ ಮೇಲೆ ಮೇಲೆ ಏರಿ ಹೆಗಲಿಗೆ ಬರುತ್ತಿತ್ತು. ಕೆಳಗೆ ಜಾರುತ್ತಿರಲಿಲ್ಲ, ಏಕೆಂದರೆ ಅದರ ಮುಳ್ಳು ಒಂದೇ ದಿಕ್ಕಿಗೆ ಇರುತ್ತವೆ. ಒದ್ದೆ ಉಣ್ಣೆಯನ್ನು ತಿಕ್ಕಿದಾಗ ಪ್ರತಿ ಎಳೆಯೂ ಹೀಗೇ ಒಂದು ದಿಕ್ಕಿಗೆ ಸರಿಯುತ್ತದೆ. ಪಕ್ಕದ ಎಳೆಯೊಳಗೆ ನುಗ್ಗುತ್ತದೆ, ಮರಳಿ ಬರುವುದಿಲ್ಲ. ಇನ್ನೂ ತಿಕ್ಕಿದರೆ ಇನ್ನೂ ಒಳಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಹೆಣಿಗೆಯ ಕಣ್ಣುಗಳೆಲ್ಲ ಮುಚ್ಚಿ, ಬಟ್ಟೆ ದಪ್ಪಗೆ ಗಿಡ್ಡಗೆ ಆಗುತ್ತದೆ. ಇದನ್ನೇ ಉಣ್ಣೆ ಜಡೆಗಟ್ಟುವುದು ಎನ್ನುತ್ತೇವೆ.

ಅಂದರೆ ಮುಖ್ಯ ಅಪರಾಧಿ ತಿಕ್ಕಾಟ. ಬಿಸಿನೀರು, ಸೋಡಾ ಬೆರೆತ ಸೋಪು ಅದಕ್ಕೆ ಕೈಗೂಡಿಸುವವರು. ಎಳೆ ಬಿಸಿನೀರಿನಲ್ಲಿ ಮೆತ್ತಗಾಗಿ ಸುಲಭವಾಗಿ ಬಾಗುತ್ತದೆ, ಕ್ಷಾರದಲ್ಲಿ ಉಬ್ಬಿ ಬಲ ಕಳೆದುಕೊಳ್ಳುತ್ತದೆ, ಎರಡರಿಂದಲೂ ಜಡೆಗಟ್ಟುವುದು ಬೇಗ ಆಗುತ್ತದೆ. ತಣ್ಣೀರಿನಲ್ಲಿ ಒಗೆದೂ ಸ್ವೆಟರ್ ಕೆಟ್ಟಿತು ಎನ್ನುವವರು ನೀರನ್ನು ತಣ್ಣಗಿಟ್ಟರು, ಆದರೆ ಒಗೆಯುವ ಕಲ್ಲಿನ ಮೇಲೆ ಅದನ್ನು ಉಜ್ಜಿದರು. ಇಲ್ಲವೇ ಮಷೀನಿನಲ್ಲಿ ಸೀರೆ, ಪ್ಯಾಂಟಿನ ಜೊತೆ ತಿರುಗಿಸಿದರು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಗುವ ಸ್ವೆಟರುಗಳಲ್ಲಿ ಬಹಳಷ್ಟು ಉಣ್ಣೆಯವಲ್ಲ, ಅಕ್ರಿಲಿಕ್. ಅವು ಜಡೆಗಟ್ಟುವುದಿಲ್ಲ, ಬದಲಿಗೆ ಬಿಸಿನೀರಿಗೂ ಇಸ್ತ್ರಿಗೂ ಜಗ್ಗಿ ಜೋಲಾಡುತ್ತವೆ. ಯಾವುದು ಯಾವುದೆಂದು ತಿಳಿಯಲು ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಕಡ್ಡಿ ಗೀರಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉರಿ ದೂರ ಸರಿಸಿದ ಕೂಡಲೇ ಆರಲು ನೋಡುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗುತ್ತ ಉರಿದು, ಪುಡಿಯಾಗದ ಕಪ್ಪು ಗಟ್ಟಿ ಉಂಡೆ ಉಳಿಯುತ್ತದೆ. ಎರಡೂ ಬೆರೆತ ನೂಲಿದ್ದರೆ ಎರಡೂ ಲಕ್ಷಣ ಕಾಣುತ್ತವೆ. ಅದನ್ನು ಉಣ್ಣೆ ಎಂದೇ ನೋಡಿಕೊಳ್ಳಿ.

ಈಗ ಸೋಪಿನ ಮಾತು. ಮೇಜಿನ ಮೇಲೆ ಮೂರು ಗಾಜಿನ ಲೋಟ ಇವೆ. ಮೂರರಲ್ಲೂ ಅರ್ಧ ಲೋಟ ನೀರು, ಒಂದೊಂದು ಚಿಟಿಕೆ ಅರಿಶಿನ. ಮೊದಲನೆಯದಕ್ಕೆ ದಿನಾ ಒಗೆಯುವ ಪುಡಿಯನ್ನು ಕಾಲು ಚಮಚ ಹಾಕುತ್ತೇನೆ. ನೋಡ್ರಿ, ಕಲಕುತ್ತಿದ್ದಂತೆ ಕೆಂಪಗಾಯಿತು. ಎರಡನೆಯದಕ್ಕೆ ಬಟ್ಟೆ ಸೋಪಿನ ಬಾರಿನಿಂದ ಹೆರೆದ ಚೂರು. ಇದೂ ನಿಧಾನಕ್ಕೆ ಕೆಂಪಾಗುತ್ತಿದೆ. ಮೂರನೆಯದಕ್ಕೆ ಉಣ್ಣೆ ಬಟ್ಟೆಗೆಂದೇ ಮಾರುವ ಲಿಕ್ವಿಡ್. ಹಳದಿ ಹಳದಿಯಾಗಿಯೇ ಉಳಿದಿದೆ.

ಇದು ನಿಮಗೆ ಹೊಸದಲ್ಲ. ಆರತಿಗೆ ಓಕುಳಿ ನೀರು ಮಾಡುವಾಗ ಅರಿಶಿನದ ನೀರಿಗೆ ಸುಣ್ಣ ಹಾಕುತ್ತೀರಿ, ಕೆಂಪಾಗುತ್ತದೆ. ಸುಣ್ಣ ಕ್ಷಾರ, ಒಗೆಯುವ ಪುಡಿಯಲ್ಲಿರುವ ಸೋಡಾ ಕೂಡ ಕ್ಷಾರ. ಕ್ಷಾರ ಎಲ್ಲಿದ್ದರೂ ಅರಿಶಿನ ಅದನ್ನು ತೋರಿಸಿಕೊಡುತ್ತದೆ. ಹತ್ತಿಗೆ ಕ್ಷಾರದಿಂದ ತೊಂದರೆ ಇಲ್ಲ, ಉಣ್ಣೆಗೆ ಇದೆ. ಹೀಗಾಗಿ ಯಾವುದೇ ಸೋಪು, ಶ್ಯಾಂಪೂ, ಲಿಕ್ವಿಡ್ ಸ್ವೆಟರಿಗೆ ನಡೆಯುತ್ತದೋ ಇಲ್ಲವೋ ಎಂಬ ಸಂಶಯ ಬಂದರೆ ಲೋಟದಲ್ಲಿ ಅರಿಶಿನ ಹಾಕಿ ನೋಡಿ. ಕೆಂಪಾದರೆ ದೂರ ಇಡಿ. ಅಂಟುವಾಳ ಕಾಯಿಯ ನೊರೆ ಹಾಕಿದರೆ ಕೆಂಪಾಗುವುದಿಲ್ಲ. ಅದು ತುಸು ಹುಳಿ ಗುಣದ್ದು, ಉಣ್ಣೆಗೆ ಒಳ್ಳೆಯದು. ಬಿಳಿ ಸ್ವೆಟರಿಗೆ ಮಾತ್ರ ಕಂದು ಛಾಯೆ ಬಿಡಬಹುದು, ಗಾಢ ಬಣ್ಣದವುಗಳಿಗೆ ಬಳಸಿ.

ಆದರೆ ಈ ಪರೀಕ್ಷೆ ತೋರಿಸದ ಒಂದು ಅಪಾಯ ಉಂಟು. ಕೆಲವು ಲಿಕ್ವಿಡ್‌ಗಳಲ್ಲಿ ಎಂಜೈಮ್ ಇರುತ್ತದೆ. ರಕ್ತ, ಹಾಲು, ಬೆವರಿನ ಕಲೆಯಲ್ಲಿರುವ ಪ್ರೋಟೀನನ್ನು ಒಡೆಯಲು ಹಾಕಿದ್ದು ಅದು. ಉಣ್ಣೆಯೂ ಪ್ರೋಟೀನೇ ಆದ್ದರಿಂದ ಕಲೆಯ ಜೊತೆ ಎಳೆಯನ್ನೂ ಸವೆಸುತ್ತದೆ. ಅರಿಶಿನ ಅದನ್ನು ಹೇಳುವುದಿಲ್ಲ, ಡಬ್ಬಿಯ ಹಿಂದಿನ ಬರಹ ಓದಬೇಕು. ಇನ್ನು ಕ್ಲೋರಿನ್ ಬ್ಲೀಚ್ ಅಂತೂ ಹತ್ತಿರವೂ ಬೇಡ. ಉಣ್ಣೆ ಅದರಲ್ಲಿ ಮೊದಲು ಹಳದಿಯಾಗಿ ಒರಟಾಗುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಕರಗಿಯೇ ಹೋಗುತ್ತದೆ.

ಸರಿ, ಈ ತೋಳಿಗೆ ಬರೋಣ. ಎಣ್ಣೆಗಾಯಿ ಬಿದ್ದಾಗ ಎಲ್ಲರೂ ಮೊದಲು ಮಾಡುವುದು ಕೈತೊಳೆಯುವ ಸೋಪು ಹಚ್ಚಿ ನಲ್ಲಿಯ ಕೆಳಗೆ ತಿಕ್ಕುವುದು. ಸೋಪಿನಲ್ಲಿ ಕ್ಷಾರ ಇದ್ದರೆ ಹಳದಿ ಕಲೆ ಕೆಂಪಾಗುತ್ತದೆ. ಕಲೆ ಹೆಚ್ಚಾಯಿತು ಎಂದು ಗಾಬರಿಯಾಗಿ ಇನ್ನಷ್ಟು ತಿಕ್ಕುತ್ತಾರೆ. ಆ ಕೆಂಪು ಉಳಿಯುವಂಥದಲ್ಲ, ಎರಡು ಹನಿ ವಿನೆಗರ್ ಬೆರೆಸಿದ ನೀರು ಹಚ್ಚಿದರೆ ಮತ್ತೆ ಹಳದಿಗೆ ಬರುತ್ತದೆ. ಆದರೆ ತಿಕ್ಕಿದ ಜಾಗದಲ್ಲಿ ಜಡೆಗಟ್ಟಿದ್ದು ಎಂದಿಗೂ ಬಿಡುವುದಿಲ್ಲ. ಕಲೆ ಹೋದ ಮೇಲೂ ಆ ಜಾಗದಲ್ಲಿ ಒಂದು ಗಟ್ಟಿ ತುಣುಕು ಉಳಿದುಬಿಡುತ್ತದೆ. ಹಲ್ಲುಜ್ಜುವ ಬ್ರಷ್ಷಿನಿಂದ ಕಲೆ ಉಜ್ಜಿದ ಸ್ವೆಟರುಗಳಲ್ಲಿ ನಾನು ಅತಿ ಹೆಚ್ಚು ನೋಡುವುದು ಇದನ್ನೇ.

ತಿಕ್ಕಬಾರದು ಎಂದ ಮೇಲೆ ಕಲೆ ಹೋಗುವುದು ಹೇಗೆ? ಕಲೆಯಲ್ಲಿ ಇರುವುದನ್ನು ಒಂದೊಂದಾಗಿ ಕರಗಿಸಿ, ಇನ್ನೊಂದು ಬಟ್ಟೆಗೆ ದಾಟಿಸಬೇಕು. ಎಣ್ಣೆಗಾಯಿಯಲ್ಲಿ ಮೊದಲು ಹೋಗಬೇಕಾದ್ದು ಎಣ್ಣೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣವೂ ಎಣ್ಣೆಯಲ್ಲೇ ಕರಗಿರುತ್ತದೆ, ಎಣ್ಣೆ ಹೋದರೆ ಅದರಲ್ಲಿ ಬಹುಪಾಲು ಜೊತೆಗೇ ಹೋಗುತ್ತದೆ. ಎಣ್ಣೆ ಇರುವಾಗ ಅರಿಶಿನಕ್ಕೆ ಏನು ಹಚ್ಚಿದರೂ ಒಳಗೆ ಇಳಿಯುವುದಿಲ್ಲ.

ಮೇಲೆ ನಿಂತ ಮಸಾಲೆಯನ್ನು ಚಮಚದ ಅಂಚಿನಿಂದ ಎತ್ತಿ ತೆಗೆಯಿರಿ, ಒರೆಸಬೇಡಿ. ಆಮೇಲೆ ಟಾಲ್ಕಮ್ ಪೌಡರನ್ನು ದಪ್ಪಗೆ ಉದುರಿಸಿ ಮೂರು ನಾಲ್ಕು ತಾಸು ಬಿಡಿ. ಪೌಡರ್ ಎಣ್ಣೆ ಹೀರಿ ಕೆಂಪಗಾಗುತ್ತದೆ. ಕೊಡವಿ, ಬೇಕೆನಿಸಿದರೆ ಇನ್ನೊಮ್ಮೆ ಹಾಕಿ. ಈ ಸ್ವೆಟರಿಗೆ ಎರಡು ಸಲ ಹಾಕಿದೆ. ಎರಡನೆಯ ಸಲದ ಪೌಡರ್ ತಿಳಿ ಬಣ್ಣಕ್ಕೆ ತಿರುಗಿತು ಅಷ್ಟೇ, ಅಂದರೆ ಮೇಲಿನ ಎಣ್ಣೆ ಮುಗಿಯಿತು.

ಉಳಿದ ಎಣ್ಣೆಗೆ ಪಾತ್ರೆ ತೊಳೆಯುವ ಲಿಕ್ವಿಡ್. ಬಾರ್ ಬೇಡ, ಅದು ಕ್ಷಾರ. ಲಿಕ್ವಿಡನ್ನೂ ಮೊದಲು ಅರಿಶಿನದ ಲೋಟದಲ್ಲಿ ನೋಡಿಕೊಳ್ಳಿ. ಅರ್ಧ ಕಪ್ ನೀರಿಗೆ ಒಂದು ಸಣ್ಣ ಚಮಚ ಸಾಕು. ತೋಳಿನ ಒಳಗೆ, ಕಲೆಯ ಕೆಳಗೆ, ಬಿಳಿ ಹತ್ತಿ ಬಟ್ಟೆಯ ಮಡಿಕೆ ಇಡಿ. ಲಿಕ್ವಿಡಿನ ನೀರನ್ನು ಬೆರಳಿನಿಂದ ಕಲೆಗೆ ಹಚ್ಚಿ, ಐದು ನಿಮಿಷ ಬಿಟ್ಟು, ಇನ್ನೊಂದು ಬಿಳಿ ಬಟ್ಟೆಯಿಂದ ಮೇಲಿನಿಂದ ನೇರ ಕೆಳಕ್ಕೆ ಒತ್ತಿ. ಪಕ್ಕಕ್ಕೆ ಸರಿಸಬೇಡಿ. ಕೆಳಗಿನ ಬಟ್ಟೆಗೆ ಹಳದಿ ಇಳಿದಿದ್ದು ಕಂಡರೆ ಕೆಲಸ ಸರಿ ನಡೆಯುತ್ತಿದೆ ಎಂದು ಅರ್ಥ. ಬಟ್ಟೆಯ ಮಡಿಕೆ ಬದಲಿಸಿ ಮತ್ತೆ ಒತ್ತಿ. ಕೆಳಗಿನ ಬಟ್ಟೆಗೆ ಏನೂ ಇಳಿಯದಾದಾಗ ನಿಲ್ಲಿಸಿ.

ಇನ್ನು ಇಡೀ ಸ್ವೆಟರ್ ಒಗೆಯುವುದು. ಒಗೆಯುವ ಮೊದಲು ಅದನ್ನು ಹಳೆಯ ಪೇಪರಿನ ಮೇಲೆ ಚಾಚಿ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿಡಿ. ಒಣ ಹಾಕುವಾಗ ಇದು ಬೇಕಾಗುತ್ತದೆ. ಅಗಲ ಬಾಯಿಯ ಟಬ್ಬಿನಲ್ಲಿ ಎಂಟು ಹತ್ತು ಲೀಟರ್ ನೀರು ತೆಗೆದುಕೊಳ್ಳಿ. ನೀರು 30 ಡಿಗ್ರಿಯಷ್ಟಿರಲಿ, ಅಂದರೆ ಕೈ ಇಟ್ಟಾಗ ಬಿಸಿ ಎನಿಸಬಾರದು, ಥಂಡಿ ಎಂದೂ ಎನಿಸಬಾರದು. ಉಣ್ಣೆಯ ಲಿಕ್ವಿಡನ್ನು ಎರಡು ಸಣ್ಣ ಚಮಚದಷ್ಟು ಹಾಕಿ ಮೊದಲೇ ಕಲಕಿ, ನಲ್ಲಿ ಬಂದ್ ಮಾಡಿದ ಮೇಲೆ ಸ್ವೆಟರನ್ನು ಒಳಮೈ ಹೊರಗೆ ಮಾಡಿ ಇಳಿಸಿ. ನಲ್ಲಿಯ ಧಾರೆ ನೇರ ಉಣ್ಣೆಯ ಮೇಲೆ ಬೀಳಬಾರದು, ಅದೂ ಒಂದು ರೀತಿಯ ತಿಕ್ಕಾಟವೇ. ಉಣ್ಣೆ ಬೇಗ ನೆನೆಯುವುದಿಲ್ಲ, ಅಂಗೈಯಿಂದ ಮೆಲ್ಲಗೆ ಕೆಳಗೆ ಒತ್ತಿ ಒಳಗಿನ ಗಾಳಿ ಬಿಡಿಸಿ. ಹತ್ತು ನಿಮಿಷ ಹಾಗೇ ಬಿಡಿ. ನಡುವೆ ಎರಡು ಮೂರು ಸಲ ಅಂಗೈಯಿಂದ ಒತ್ತಿ ಬಿಡುವುದು ಸಾಕು. ಕೊಳೆ ಬಿಡಿಸುವ ಕೆಲಸವನ್ನು ಲಿಕ್ವಿಡ್ಡೇ ಮಾಡುತ್ತದೆ.

ಎತ್ತುವಾಗ ಹೆಗಲು ಹಿಡಿದು ಎತ್ತಬೇಡಿ. ನೀರು ಕುಡಿದ ಉಣ್ಣೆ ಭಾರವಾಗಿರುತ್ತದೆ, ಒದ್ದೆಯಾದಾಗ ಬಲವೂ ಕಡಿಮೆ. ಹಿಡಿದ ಜಾಗದಲ್ಲಿ ಜಗ್ಗುತ್ತದೆ. ಟಬ್ಬಿನ ನೀರು ಚೆಲ್ಲಿ, ಸ್ವೆಟರನ್ನು ಮುದ್ದೆಯಾಗಿ ಎರಡೂ ಅಂಗೈಯಲ್ಲಿ ಎತ್ತಿಕೊಳ್ಳಿ. ಅಷ್ಟೇ ಬಿಸಿಯ ಹೊಸ ನೀರಿನಲ್ಲಿ ಎರಡು ಸಲ ಮುಳುಗಿಸಿ ಒತ್ತಿ ಜಾಲಾಡಿಸಿ. ಕೊನೆಯ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿದರೆ ಎಳೆಯಲ್ಲಿ ಉಳಿದ ಕ್ಷಾರ ಸತ್ತುಹೋಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಳಸುವವರಿಗೆ, ವಿಜಯಪುರ ಬಾಗಲಕೋಟೆ ಕಡೆಯ ನಮ್ಮ ಬಂಧುಗಳಿಗೆ, ಇದನ್ನು ಒತ್ತಿ ಹೇಳುತ್ತೇನೆ. ಗಡಸು ನೀರಿನಲ್ಲಿ ಸೋಪು ಮೊಸರುಗಟ್ಟಿ ಎಳೆಗಳ ನಡುವೆ ಅಂಟಿಕೊಳ್ಳುತ್ತದೆ, ಸ್ವೆಟರ್ ಬಿರುಸಾಗುತ್ತದೆ. ಅಲ್ಲಿ ಸೋಪಿಗಿಂತ ಲಿಕ್ವಿಡ್ಡೇ ಒಳ್ಳೆಯದು.

ಹಿಂಡುವುದು ಬೇಡವೇ ಬೇಡ. ದಪ್ಪ ಟವೆಲಿನ ಮೇಲೆ ಚಾಚಿ, ಟವೆಲಿನ ಸಮೇತ ಸುರುಳಿ ಸುತ್ತಿ, ಮೊಣಕಾಲಿನಿಂದ ಒತ್ತಿ. ಸೆಮಿ ಆಟೋಮ್ಯಾಟಿಕ್ ಮಷೀನ್ ಇದ್ದರೆ ಅದರ ಡ್ರೈಯರಿನಲ್ಲಿ ಟವೆಲಿನಲ್ಲಿ ಸುತ್ತಿ ಒಂದು ನಿಮಿಷ ತಿರುಗಿಸಬಹುದು. ಅಲ್ಲಿ ಬಟ್ಟೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ, ಒಂದಕ್ಕೊಂದು ಉಜ್ಜುವುದಿಲ್ಲ. ಒಗೆಯುವ ಟಬ್ಬಿಗೆ ಮಾತ್ರ ಹಾಕಬೇಡಿ. ಆಮೇಲೆ ಪೇಪರಿನ ಗೆರೆಯ ಮೇಲೆ ಇಟ್ಟು, ಉದ್ದ ಅಗಲ ಹೊಂದಿಸಿ, ಹೊರಸಿನ ಮೇಲೋ ನೆಟ್ಟಿನ ಮೇಲೋ ನೆರಳಲ್ಲಿ ಮಲಗಿಸಿ ಒಣಗಿಸಿ. ಹಗ್ಗದ ಮೇಲೆ ಹಾಕಿದರೆ ತೋಳು ಮೊಣಕಾಲಿಗೆ ಬರುತ್ತವೆ.

ಈ ಸ್ವೆಟರ್ ಒಣಗಿದ ಮೇಲೆ ನೋಡಿದರೆ ಎಣ್ಣೆ ಇರಲಿಲ್ಲ, ಕೆಂಪು ಇರಲಿಲ್ಲ, ತಿಳಿ ಹಳದಿ ಗುರುತು ಮಾತ್ರ ಉಳಿದಿತ್ತು. ಇದು ಅರಿಶಿನದ ಬಣ್ಣ, ಕರ್ಕ್ಯುಮಿನ್. ಉಣ್ಣೆಗೆ ಬಣ್ಣ ಹಾಕಲು ಅರಿಶಿನವನ್ನೇ ಬಳಸುತ್ತಾರೆ ಎಂದರೆ ಅದು ಎಷ್ಟು ಗಟ್ಟಿ ಹಿಡಿಯುತ್ತದೆ ಎಂದು ತಿಳಿದುಕೊಳ್ಳಿ. ಅದು ನೀರಿನಲ್ಲಿ ಕರಗದು, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಸಾಕು. ಒಲೆ, ದೀಪ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ಮೊದಲು ಒಳಹೊಲಿಗೆಯ ಮೇಲೆ ಬಿಳಿ ಬಟ್ಟೆಯಲ್ಲಿ ಒಂದು ಹನಿ ಒತ್ತಿ ನೋಡಿ. ಸ್ವೆಟರಿನ ಬಣ್ಣವೇ ಬಿಟ್ಟರೆ ಅಲ್ಲಿಗೇ ಬಿಡಿ. ಬಿಡದಿದ್ದರೆ ಮೊದಲಿನ ಹಾಗೆಯೇ ಕೆಳಗೆ ಬಟ್ಟೆಯಿಟ್ಟು, ಕಲೆಯ ಅಂಚಿನಿಂದ ನಡುವಿನ ಕಡೆಗೆ ಹನಿ ಹನಿಯಾಗಿ ಒತ್ತಿ. ನಡುವಿನಿಂದ ಶುರು ಮಾಡಿದರೆ ಹಳದಿ ಹರಡಿ ಉಂಗುರ ಬೀಳುತ್ತದೆ.

ಇಷ್ಟಾದರೂ ಹಳದಿಯ ನೆರಳು ಉಳಿದರೆ ಬಿಸಿಲಿನ ಸಹಾಯ ತೆಗೆದುಕೊಳ್ಳಬೇಕು. ಅರಿಶಿನ ಬೆಳಕಿಗೆ ಮಾಸುತ್ತದೆ. ಆದರೆ ಬಿಳಿ ಉಣ್ಣೆ ಬಹಳ ಬಿಸಿಲಿಗೆ ತಾನೇ ಹಳದಿಯಾಗುತ್ತದೆ. ಆದ್ದರಿಂದ ಕಲೆಯೊಂದನ್ನು ಬಿಟ್ಟು ಉಳಿದದ್ದಕ್ಕೆ ದಪ್ಪ ಬಟ್ಟೆ ಹೊದಿಸಿ, ಬೆಳಗಿನ ಬಿಸಿಲಿಗೆ ಅರ್ಧ ತಾಸು ಇಟ್ಟು ತೆಗೆದು ನೋಡಿ. ಮರುದಿನ ಮತ್ತೆ. ನನ್ನ ಅನುಭವದಲ್ಲಿ ಹೊಸ ಕಲೆ ಹೀಗೆಯೇ ಹೋಗುತ್ತದೆ. ಈ ತೋಳಿನದೂ ಹಾಗೇ ಹೋಯಿತು, ಕಿಟಕಿಯ ಹತ್ತಿರ ಹಿಡಿದು ಹುಡುಕಿದರೆ ಮಾತ್ರ ಜಾಗ ಗೊತ್ತಾಗುತ್ತದೆ. ಹೋಗದ ಹಳೆಯ ಕಲೆಗೆ, ಅದೂ ಬಣ್ಣ ಹಾಕದ ಬಿಳಿ ಅಥವಾ ಕೆನೆ ಉಣ್ಣೆಗೆ ಮಾತ್ರ, ಹೈಡ್ರೋಜನ್ ಪೆರಾಕ್ಸೈಡ್ ಇದೆ. ಬಾಟಲಿಯ ಮೇಲೆ 6 ಪ್ರತಿಶತ ಎಂದಿದ್ದರೆ ಅಷ್ಟೇ ನೀರು ಬೆರೆಸಿ 3 ಪ್ರತಿಶತಕ್ಕೆ ಇಳಿಸಿ, ಕಲೆಗಷ್ಟೇ ಹಚ್ಚಿ, ಕಾಲು ತಾಸಿನಲ್ಲಿ ತೊಳೆಯಿರಿ. ಬಣ್ಣದ ಸ್ವೆಟರಿಗೆ ಹಚ್ಚಿದರೆ ಕಲೆಯ ಬದಲು ಬಿಳಿ ಮಚ್ಚೆ ಸಿಗುತ್ತದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕೂತ ಅರಿಶಿನ ಪೂರ್ತಿ ಹೋಗುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬ ಅಕ್ಕ ಗಿಡ್ಡವಾದ ಸ್ವೆಟರನ್ನೇ ತಂದಿದ್ದರು. "ಇದನ್ನ ಮತ್ತ ಮೊದಲಿನಂಗ ಮಾಡಾಕ ಬರ್ತದೇನ್ರಿ?" ಬೆಳಕಿಗೆ ಹಿಡಿದು ನೋಡೋಣ ಎಂದೆ. ಹೆಣಿಗೆಯ ಕಣ್ಣುಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು, ಅವುಗಳೊಳಗಿಂದ ಬೆಳಕೂ ಬರುತ್ತಿತ್ತು. "ಅಕ್ಕಾರ, ಇದು ಜಡೆಗಟ್ಟಿಲ್ಲ" ಎಂದೆ. ಹೆಣೆಯುವಾಗ ಜಗ್ಗಿದ ನೂಲು ನೀರು ಬಿದ್ದ ಮೇಲೆ ತನ್ನ ಸಹಜ ಅಳತೆಗೆ ಬಂದಿದೆ ಅಷ್ಟೇ. ಹದವಾದ ನೀರಿನಲ್ಲಿ ನೆನೆಸಿ, ಟವೆಲಿನಲ್ಲಿ ಒತ್ತಿ, ಬೇಕಾದ ಅಳತೆಗೆ ಮೆಲ್ಲಗೆ ಎಳೆದು ಮಲಗಿಸಿ ಒಣಗಿಸಿದರೆ ಮರಳಿ ಬರುತ್ತದೆ. ಕಣ್ಣುಗಳೇ ಕಾಣದೆ, ಬೆರಳಿಗೆ ದಪ್ಪ ಹತ್ತಿ, ಬೆಳಕು ತೂರದಿದ್ದರೆ ಅದು ಜಡೆಗಟ್ಟಿದ್ದು. ಕಂಡಿಷನರಿನಲ್ಲಿ ನೆನೆಸಿದರೆ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಎಳೆ ಸ್ವಲ್ಪ ನುಣುಪಾಗಿ ಒಂದಿಷ್ಟು ಜಗ್ಗಬಹುದು, ಒಳಗೆ ಹೆಣೆದುಕೊಂಡ ಎಳೆಗಳು ಬಿಡಿಸಿಕೊಳ್ಳುವುದಿಲ್ಲ.

ಇನ್ನೊಬ್ಬರು ಚಹಾದ ಬಗ್ಗೆ ಕೇಳಿದರು. ಚಹಾ ಬಿದ್ದ ಕೂಡಲೇ ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ತಣ್ಣೀರು ಹಚ್ಚಿ ಮತ್ತೆ ಒತ್ತಿ, ಆಮೇಲೆ ಒಂದು ಚಮಚ ವಿನೆಗರನ್ನು ಮೂರು ಚಮಚ ನೀರಿನಲ್ಲಿ ಬೆರೆಸಿ ಹಚ್ಚಿ. ಬಿಸಿನೀರು ಹಾಕಿದರೆ ಹಾಲಿನ ಅಂಶ ಎಳೆಗೆ ಕಚ್ಚಿಕೊಳ್ಳುತ್ತದೆ. ರಕ್ತಕ್ಕೂ ತಣ್ಣೀರೇ.

"ಮಷೀನಿಗೆ ಹಾಕಬಹುದು ಅಂತ ಚೀಟಿ ಮ್ಯಾಲ ಬರದಿರ್ತದಲ್ರಿ?" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಬರೆದಿದ್ದರೆ ಹಾಕಬಹುದು. ಆ ಉಣ್ಣೆಯ ಪೊರೆಗಳನ್ನು ಕಾರ್ಖಾನೆಯಲ್ಲೇ ಸವೆಸಿ, ಮೇಲೆ ತೆಳು ಲೇಪ ಕೊಟ್ಟಿರುತ್ತಾರೆ. ಪೊರೆಯ ಅಂಚು ಎದ್ದು ನಿಲ್ಲದ ಕಾರಣ ಎಳೆ ಒಂದೇ ದಿಕ್ಕಿಗೆ ಸರಿಯುವುದಿಲ್ಲ. ಆದರೂ ಉಣ್ಣೆಯ ಸೈಕಲ್ಲಿನಲ್ಲೇ ಹಾಕಿ, ಸೋಡಾ ಪುಡಿ ಅದಕ್ಕೂ ಬೇಡ.

ಕೊನೆಗೆ ಬಂದದ್ದು ನಮ್ಮ ಊರಿನದೇ ಪ್ರಶ್ನೆ. "ಮಳಿಗಾಲದಾಗ ನಾಕು ದಿನ ಆದ್ರೂ ಒಣಗೂದಿಲ್ರಿ, ವಾಸನಿ ಬರ್ತದ." ಬೆಳಗಾವಿಯ ಜುಲೈ ಆಗಸ್ಟಿನಲ್ಲಿ ಒಗೆಯದಿರುವುದೇ ವಾಸಿ. ಒಗೆಯಲೇಬೇಕಾದರೆ ಎರಡು ಟವೆಲ್ ಬದಲಿಸಿ ನೀರು ಹೀರಿಸಿ, ನೆಟ್ಟಿನ ಮೇಲೆ ಹಾಸಿ ಫ್ಯಾನಿನ ಕೆಳಗೆ ಇಡಿ, ಆರು ತಾಸಿಗೊಮ್ಮೆ ತಿರುವಿ ಹಾಕಿ. ಒಲೆಯ ಮೇಲೆ, ಹೀಟರಿನ ಮುಂದೆ ಹಿಡಿಯಬೇಡಿ. ತೋಳಿನ ಕಂಕುಳು ಮತ್ತು ಕೆಳಗಿನ ಪಟ್ಟಿ ಎಲ್ಲಕ್ಕಿಂತ ಕೊನೆಗೆ ಒಣಗುತ್ತವೆ. ಅಲ್ಲಿ ಬೆರಳಿಟ್ಟು ತಣ್ಣಗೆ ಹತ್ತದಿದ್ದರೆ ಮಾತ್ರ ಮಡಚಿ ಪೆಟ್ಟಿಗೆಗೆ ಹಾಕಿ.